ಮೇಲಿನ ನಲ್ಲಿ, ಕೆಳಗಿನ ನಲ್ಲಿ

ಹಾಸನದಲ್ಲಿರುವ ಚಿಕ್ಕಮ್ಮನ ಮನೆಗೆ ಹೋದಾಗ ಅವರು ನನ್ನ ಕೈಗೆ ಒಂದು ಸಣ್ಣ ಪೊಟ್ಟಣ ಇಟ್ಟರು. ಒಳಗೆ ಅರ್ಧ ಇಂಚಿನ ಆರು ರಬ್ಬರ್ ವಾಷರ್. ‘ಮೇಲಿನ ಬಾತ್‌ರೂಮಲ್ಲೂ ನಲ್ಲಿ ಸೋರ್ತಿದೆ, ಕೆಳಗಿನದರಲ್ಲೂ ಸೋರ್ತಿದೆ. ಎರಡಕ್ಕೂ ಇದನ್ನೇ ಹಾಕಿಬಿಡು, ಪ್ಲಂಬರ್ ಫೋನೇ ಎತ್ತಲ್ಲ’ ಎಂದರು. ಆ ರಾತ್ರಿ ಕೆಳಗಿನ ನಲ್ಲಿಯ ಅಡಿ ಒಂದು ಲೀಟರ್ ಮಗ್ ಇಟ್ಟು ಮಲಗಿದೆ. ರಾತ್ರಿ ಹತ್ತಕ್ಕೆ ಇಟ್ಟದ್ದು ಬೆಳಗಿನ ಆರಕ್ಕೆ ತುಂಬಿತ್ತು. ಹಾಗಾದರೆ ದಿನಕ್ಕೆ ಮೂರು ಲೀಟರ್, ವಾರಕ್ಕೆ ಒಂದು ನೀರಿನ ಕ್ಯಾನ್.

ಎರಡೂ ಬಿಸಿನೀರು-ತಣ್ಣೀರು ಬೆರೆಸುವ ಮಿಕ್ಸರ್‌ಗಳೇ. ಕೆಳಗಿನದು ಹಳೆಯದು, ಗೋಡೆಗೆ ಕೂರಿಸಿದ ಎರಡು ಹಿಡಿಕೆಯ ವಾಲ್ ಮಿಕ್ಸರ್. ಮೇಲಿನದು ಮನೆ ಕಟ್ಟಿಸಿ ಮಹಡಿ ಏರಿಸಿದಾಗ ವಾಷ್‌ಬೇಸಿನ್‌ಗೆ ಹಾಕಿಸಿದ ಒಂದೇ ಹಿಡಿಕೆಯದು. ಎತ್ತಿದರೆ ನೀರು, ಎಡಕ್ಕೆ ಸರಿಸಿದರೆ ಬಿಸಿ, ಬಲಕ್ಕೆ ತಣ್ಣಗೆ. ಎರಡರ ಬಾಯಿಂದಲೂ ಹನಿ ಒಂದೇ ಥರ ಬೀಳುತ್ತಿತ್ತು. ಹನಿ ನೋಡಿ ಒಳಗೇನು ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ. ಅದನ್ನು ಹೇಳುವುದು ಹಿಡಿಕೆ.

ಕೆಳಗಿನ ನಲ್ಲಿಯ ಹಿಡಿಕೆಯನ್ನು ಪೂರ್ತಿ ತೆರೆಯಲು ಎರಡು ಮೂರು ಸುತ್ತು ಬೇಕು. ಮುಚ್ಚುವಾಗ ಕೊನೆಯಲ್ಲಿ ಮೆತ್ತಗೆ ಅದುಮಿದಂತಾಗುತ್ತದೆ. ಇನ್ನಷ್ಟು ಬಿಗಿದರೆ ಹನಿ ನಿಂತೂಬಿಡುತ್ತದೆ, ಒಂದು ಗಂಟೆ ಬಿಟ್ಟು ಮತ್ತೆ ಶುರು. ಇದು ವಾಷರ್‌ನ ಲಕ್ಷಣ. ಒಳಗೆ ಸ್ಪಿಂಡಲ್‌ನ ತುದಿಯಲ್ಲಿರುವ ರಬ್ಬರ್ ಬಿಲ್ಲೆ ಹಿತ್ತಾಳೆಯ ಒಂದು ಉಂಗುರದ ಮೇಲೆ ಕೂತು ನೀರನ್ನು ತಡೆಯುತ್ತದೆ. ಆ ಉಂಗುರಕ್ಕೆ ಸೀಟ್ ಎನ್ನುತ್ತಾರೆ. ರಬ್ಬರ್ ಸವೆದಷ್ಟೂ ಹೆಚ್ಚು ಅದುಮಬೇಕು. ಅದಕ್ಕೇ ಮನೆಯವರೆಲ್ಲ ‘ಸ್ವಲ್ಪ ಬಿಗಿಯಾಗಿ ತಿರುಗಿಸು’ ಎಂದು ಒಬ್ಬರಿಗೊಬ್ಬರು ಹೇಳುತ್ತಿರುತ್ತಾರೆ.

ಮೇಲಿನದು ಹಾಗಲ್ಲ. ಅದರ ಹಿಡಿಕೆ ಕೆಳಗೆ ಬಂದು ಟಕ್ ಎಂದು ನಿಲ್ಲುತ್ತದೆ. ಎಷ್ಟು ಒತ್ತಿದರೂ ಹನಿಯಲ್ಲಿ ಬದಲಾವಣೆ ಇಲ್ಲ. ಆದರೆ ಮುಚ್ಚಿದ ಹಿಡಿಕೆಯನ್ನು ಹಾಗೇ ಎಡಕ್ಕೆ ಸರಿಸಿದಾಗ ಹನಿ ಹೆಚ್ಚಾಯಿತು, ಬಲಕ್ಕೆ ಸರಿಸಿದಾಗ ಹೆಚ್ಚುಕಡಿಮೆ ನಿಂತಿತು. ಇದರೊಳಗೆ ವಾಷರ್ ಕೂರಿಸುವ ಜಾಗವೇ ಇಲ್ಲ. ಕಾರ್ಟ್ರಿಜ್ ಎಂಬ ಪ್ಲಾಸ್ಟಿಕ್ ಡಬ್ಬಿಯೊಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿಕೊಂಡು ಕೂತಿರುತ್ತವೆ. ಕೆಳಗಿನದಕ್ಕೆ ಮೂರು ತೂತು: ಬಿಸಿನೀರು ಬರಲು, ತಣ್ಣೀರು ಬರಲು, ಬೆರೆತದ್ದು ಹೋಗಲು. ಮೇಲಿನ ಬಿಲ್ಲೆ ಹಿಡಿಕೆಯ ಜೊತೆ ಸರಿದು ಇವನ್ನು ಮುಚ್ಚುತ್ತದೆ, ತೆರೆಯುತ್ತದೆ. ಹಿಡಿಕೆಯ ಜಾಗ ಬದಲಾದಂತೆ ಹನಿಯೂ ಬದಲಾದರೆ ಬಿಲ್ಲೆಯಲ್ಲಿ ಗೀರು ಬಿದ್ದಿರುವ ಸಂಭವ ಹೆಚ್ಚು. ಬಾಯಿಂದಲ್ಲದೆ ಹಿಡಿಕೆಯ ಬುಡದಿಂದ ನೀರು ಜಿನುಗಿದರೆ ಮಾತ್ರ ಮೊದಲು ಕಾರ್ಟ್ರಿಜ್ ಅದುಮಿ ಹಿಡಿಯುವ ನಟ್ ಸಡಿಲವಾಗಿದೆಯೇ ನೋಡಬೇಕು.

ಎರಡು ಹಿಡಿಕೆ ಕಂಡ ಮಾತ್ರಕ್ಕೆ ವಾಷರ್ ಎಂದುಕೊಳ್ಳಬಾರದು. ಈಗಿನ ಎಷ್ಟೋ ವಾಲ್ ಮಿಕ್ಸರ್‌ಗಳ ಹಿಡಿಕೆ ಕಾಲು ಸುತ್ತಿಗೇ ನಿಲ್ಲುತ್ತದೆ. ಅವುಗಳ ಸ್ಪಿಂಡಲ್‌ನಲ್ಲೂ ಸೆರಾಮಿಕ್ ಬಿಲ್ಲೆಯೇ ಇರುತ್ತದೆ. ಅಲ್ಲಿ ಇಡೀ ಸ್ಪಿಂಡಲ್ ಬದಲಿಸಬೇಕು. ಬಿಸಿ ಕಡೆಯದೂ ತಣ್ಣನೆ ಕಡೆಯದೂ ತಿರುಗುವ ದಿಕ್ಕು ಬೇರೆ ಇರಬಹುದು, ಅದಲುಬದಲಾದರೆ ನಲ್ಲಿ ಉಲ್ಟಾ ತೆರೆಯುತ್ತದೆ.

ಕೆಳಗಿನ ನಲ್ಲಿಯಲ್ಲಿ ಸೋರುವುದು ಯಾವ ಕಡೆಯದು? ಗೀಸರ್‌ಗೆ ನೀರು ಹೋಗುವ ಆ್ಯಂಗಲ್ ಕಾಕ್ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಹನಿ ನಿಂತಿತು. ಅಂದರೆ ಬಿಸಿನೀರಿನ ಸ್ಪಿಂಡಲ್. ಗೀಸರ್ ಸ್ವಿಚ್ ಆರಿಸಿ, ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನಲ್ಲಿದ್ದ ನೀರು ಹರಿಯಬಿಟ್ಟೆ. ಹಿಡಿಕೆಯ ಕೆಂಪು ಗುಂಡಿ ಎಬ್ಬಿಸಿದರೆ ಒಳಗೆ ಸ್ಕ್ರೂ. ಸ್ಪಿಂಡಲ್ ಬಿಚ್ಚುವ ಮುನ್ನ ಅದನ್ನು ಅರ್ಧ ತೆರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಸೀಟ್ ಮೇಲೆ ಒತ್ತಿಕೊಂಡೇ ತಿರುಗುತ್ತದೆ. ಸ್ಪ್ಯಾನರ್‌ಗೆ ಬಟ್ಟೆ ಸುತ್ತಿ ಎಡಕ್ಕೆ ತಿರುಗಿಸಿದೆ. ಹೊರಬಂದ ವಾಷರ್ ಕಲ್ಲಿನಂತೆ ಗಟ್ಟಿಯಾಗಿತ್ತು, ನಡುವೆ ಸೀಟ್‌ನ ಅಚ್ಚು ಉಂಗುರದಂತೆ ಕೊರೆದಿತ್ತು. ಬಿಸಿನೀರಿಗೆ ರಬ್ಬರ್ ಬೇಗ ಗಡುಸಾಗುತ್ತದೆ. ಪೊಟ್ಟಣದಿಂದ ಒಂದನ್ನು ತೆಗೆದು ಹಾಕಿದೆ. ಸ್ಪಿಂಡಲ್ ಸಲೀಸಾಗಿ ತಿರುಗಲೆಂದು ಚಿಕ್ಕಮ್ಮ ತೆಂಗಿನೆಣ್ಣೆ ತಂದರು, ನಾನು ಬೇಡವೆಂದೆ. ಎಣ್ಣೆಗೆ ಕೆಲವು ಬಗೆಯ ರಬ್ಬರ್ ಉಬ್ಬುತ್ತದೆ. ಅದಕ್ಕೆ ಸಿಲಿಕಾನ್ ಗ್ರೀಸ್ ಸರಿ. ಸೀಟ್ ಮೇಲೆ ಬೆರಳಾಡಿಸಿದಾಗ ಒಂದು ಕಡೆ ಸಣ್ಣ ಕಚ್ಚು ತಾಗಿತು. ಇಷ್ಟಕ್ಕೇನಾಗುತ್ತದೆ ಎಂದು ಮುಚ್ಚಿಬಿಟ್ಟೆ.

ಮೇಲಿನ ನಲ್ಲಿಗೆ ಬಿಡಿಭಾಗವನ್ನು ಫೋನಿನಲ್ಲೇ ಕೇಳಲು ಹೋದೆ. ‘ಮೂವತ್ತೈದಾ, ನಲವತ್ತಾ?’ ಎಂದರು ಅಂಗಡಿಯವರು. ಹೆಚ್ಚಾಗಿ ಸಿಗುವ ಕಾರ್ಟ್ರಿಜ್‌ಗಳ ಅಡ್ಡಳತೆ 35 ಅಥವಾ 40 ಮಿಲಿಮೀಟರ್. ನಾನು 35 ಇರಬಹುದೆಂದೆ. ‘ಇರಬಹುದು ಅಂದ್ರೆ ಆಗಲ್ಲ ಸಾರ್, ಹಳೇದು ಬಿಚ್ಚಿಕೊಂಡು ಬನ್ನಿ’ ಎಂದರು. ಅವರ ಮಾತೇ ಸರಿ. ಅಡ್ಡಳತೆ ಕೂಡಿದರೂ ಹಿಡಿಕೆ ಕೂರುವ ಕಡ್ಡಿಯ ಎತ್ತರ, ತಳದ ಗುಬ್ಬಿಗಳ ಜಾಗ ಬೇರೆಯಾಗಿದ್ದರೆ ಕೂರುವುದಿಲ್ಲ.

ಬೇಸಿನ್ ಕೆಳಗಿನ ಎರಡೂ ಆ್ಯಂಗಲ್ ಕಾಕ್ ಮುಚ್ಚಿ, ಬೇಸಿನ್ ತೂತಿಗೆ ಬಟ್ಟೆ ತುರುಕಿದೆ. ಹಿಡಿಕೆಯ ಸ್ಕ್ರೂ ಎಷ್ಟು ಚಿಕ್ಕದೆಂದರೆ ಬಿದ್ದರೆ ಹೋಯಿತು. ಅದಕ್ಕೆ ಅಲೆನ್ ಕೀ ಬೇಕು. ಹಿಡಿಕೆ, ಅದರ ಕೆಳಗಿನ ಟೋಪಿ, ನಟ್ ಬಿಚ್ಚಿದ ಮೇಲೆ ಕಾರ್ಟ್ರಿಜ್ ಮೇಲೆ ಬಂತು. ಅಳೆದರೆ 40. ಅದರ ತಳದ ತೂತಿನಲ್ಲಿ ಮರಳಿನ ಕಣಗಳಿದ್ದವು. ಹದಿನೈದು ದಿನದ ಹಿಂದೆ ಟ್ಯಾಂಕ್ ತೊಳೆಸಿದ್ದರಂತೆ. ತಳದಲ್ಲಿ ಕೂತಿದ್ದ ಮರಳು ಆಗ ಎದ್ದು ಪೈಪಿಗಿಳಿದಿರಬೇಕು.

ಬೋರ್‌ವೆಲ್ ನೀರಿನ ಬಿಳಿ ಪದರ ಮಾತ್ರ ಕಟ್ಟಿದ್ದರೆ ಕಾರ್ಟ್ರಿಜ್ಜನ್ನು ಒಂದೆರಡು ಗಂಟೆ ಬಿಳಿ ವಿನೆಗರ್‌ನಲ್ಲಿ ನೆನೆಹಾಕಿ ನೋಡಬಹುದು. ಗೀರು ಬಿದ್ದದ್ದು ಅದರಿಂದ ಸರಿಹೋಗದು. ಹೊಸದನ್ನು ಕೂರಿಸುವ ಮುನ್ನ ನಲ್ಲಿಯ ತೆರೆದ ಮೇಲ್ಬಾಯಿಗೆ ಬಟ್ಟೆ ಹಿಡಿದು ಆ್ಯಂಗಲ್ ಕಾಕ್‌ಗಳನ್ನು ಕ್ಷಣಕಾಲ ಸಣ್ಣಗೆ ಬಿಟ್ಟೆ. ಉಳಿದ ಮರಳು ಬಂತು. ಇದನ್ನು ಮಾಡದಿದ್ದರೆ ಹೊಸ ಬಿಲ್ಲೆಗೂ ಅದೇ ಗತಿ. ಕಾರ್ಟ್ರಿಜ್‌ನ ಗುಬ್ಬಿಗಳು ತಳದ ಗುಳಿಗಳಲ್ಲಿ ಅಲುಗಾಡದೆ ಕೂರಬೇಕು. ನಟ್ ತೀರಾ ಬಿಗಿದರೆ ಹಿಡಿಕೆ ಗಡುಸಾಗುತ್ತದೆ, ಸಡಿಲ ಬಿಟ್ಟರೆ ತಳದಿಂದ ಸೋರುತ್ತದೆ. ಕೂರುವ ಜಾಗದ ಹಿತ್ತಾಳೆಯೇ ತಿಂದುಹೋಗಿದ್ದರೆ ಯಾವ ಕಾರ್ಟ್ರಿಜ್ ಹಾಕಿದರೂ ನಿಲ್ಲದು, ಪೂರ್ತಿ ಮಿಕ್ಸರೇ ಬದಲಿಸಬೇಕು. ಇಲ್ಲಿ ಹಾಗಿರಲಿಲ್ಲ. ರಾತ್ರಿಯಿಡೀ ಇಟ್ಟ ಮಗ್ ಒಣಗಿಯೇ ಇತ್ತು.

ಮೂರು ವಾರಕ್ಕೆ ಚಿಕ್ಕಮ್ಮನ ಫೋನ್. ಮೇಲಿನದು ಚೆನ್ನಾಗಿದೆ, ಕೆಳಗಿನದು ಮತ್ತೆ ಸೋರುತ್ತಿದೆ. ನಾನು ಕಡೆಗಣಿಸಿದ ಕಚ್ಚು ಹೊಸ ವಾಷರನ್ನೂ ಕೊರೆದಿತ್ತು. ಕೊನೆಗೂ ಸಿಕ್ಕ ಪ್ಲಂಬರ್ ಸೀಟ್ ಕಟರ್ ತಂದು, ಒಳಗಿಳಿಸಿ, ಮೆಲ್ಲಗೆ ನಾಲ್ಕು ಸುತ್ತು ತಿರುಗಿಸಿ ಸೀಟ್ ನುಣುಪು ಮಾಡಿ, ಹಿತ್ತಾಳೆಯ ಪುಡಿಯನ್ನು ನೀರು ಬಿಟ್ಟು ತೊಳೆದು, ಪೊಟ್ಟಣದ ಎರಡನೆಯ ವಾಷರ್ ಹಾಕಿ ಹೋದರಂತೆ.