ಒಂದು ಗಂಟೆ ಹಾಡಿಗೆ ಎಷ್ಟು ಎಂಬಿ?

ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವರಿಗೆ ಸಂಜೆ ಹೊತ್ತಿಗೆ ಬರುವ ‘ಡೇಟಾ ಮುಗಿಯುತ್ತ ಬಂದಿದೆ’ ಎಂಬ ಮೆಸೇಜು ಚೆನ್ನಾಗಿ ಗೊತ್ತು. ಅನುಮಾನ ಮೊದಲು ಹೋಗುವುದು ಹಾಡಿನ ಆಪ್ ಮೇಲೆ. ಬಸ್ಸಿನಲ್ಲಿ, ನಡೆಯುವಾಗ, ಅಡುಗೆ ಮಾಡುವಾಗ ಹೆಚ್ಚು ಹೊತ್ತು ಓಡುವುದು ಅದೇ ಅಲ್ಲವೇ? ಆದರೆ ಹಾಡು ತಿನ್ನುವ ಡೇಟಾ ಎಷ್ಟೆಂದು ಊಹಿಸಬೇಕಾಗಿಯೇ ಇಲ್ಲ. ಲೆಕ್ಕ ಹಾಕಿ ಹೇಳಬಹುದು, ಅದೂ ಒಂದೇ ಗುಣಾಕಾರದಲ್ಲಿ.

ಹಾಡಿನ ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಬೇಕು ಎಂಬುದನ್ನು ಕೆಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಕಿಲೋಬಿಟ್ ಎಂದು ಅಳೆಯುತ್ತಾರೆ. ಗಂಟೆಗೆ 3,600 ಸೆಕೆಂಡು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಸಾವಿರ ಕಿಲೋಬೈಟ್ ಸೇರಿದರೆ ಒಂದು ಎಂಬಿ. ಇದನ್ನೆಲ್ಲ ಒಟ್ಟುಗೂಡಿಸಿದರೆ ಉಳಿಯುವ ಸೂತ್ರ ಇಷ್ಟೇ: ಕೆಬಿಪಿಎಸ್ ಅನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಎಂಬಿ ಎಂದು ಸಿಗುತ್ತದೆ. ಸಲೀಸಾಗಿ ಹೇಳಬೇಕೆಂದರೆ, ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಸ್ಪಾಟಿಫೈ ಆಪ್ ತೆಗೆದುಕೊಳ್ಳಿ. ಅದರ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾಗೆಂದೇ ಬೇರೆ ಗುಣಮಟ್ಟ ಆರಿಸಲು ಅವಕಾಶವಿದೆ. `Low` ಎಂದರೆ ಸುಮಾರು 24 ಕೆಬಿಪಿಎಸ್, `Normal` 96, `High` 160, `Very high` 320. ಗುಣಿಸಿದರೆ ಗಂಟೆಗೆ ಸುಮಾರು 11, 43, 72 ಮತ್ತು 144 ಎಂಬಿ ಆಗುತ್ತದೆ. ಕಡೆಯದು ಹಣ ಕೊಟ್ಟವರಿಗೆ ಮಾತ್ರ. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಓಡಾಡುವವರು ದಾರಿಯುದ್ದಕ್ಕೂ `Normal` ಇಟ್ಟುಕೊಂಡು ಕೇಳಿದರೆ 86 ಎಂಬಿ ಖರ್ಚು. ಒಂದೂವರೆ ಜಿಬಿಯಲ್ಲಿ ಇದು ಹದಿನೇಳನೇ ಒಂದು ಭಾಗ. `Very high` ಇಟ್ಟರೂ 288 ಎಂಬಿ, ಐದನೇ ಒಂದು ಭಾಗಕ್ಕಿಂತ ಕಡಿಮೆ. ಸಂಜೆಯೊಳಗೆ ಪ್ಯಾಕ್ ಖಾಲಿಯಾಗುತ್ತಿದ್ದರೆ ಬರೀ ಹಾಡನ್ನು ದೂರುವಂತಿಲ್ಲ.

ಇಷ್ಟು ಕಡಿಮೆಯಲ್ಲಿ ಹಾಡು ಹೇಗೆ ಬರುತ್ತದೆ ಎಂಬುದು ತಿಳಿಯಬೇಕಾದ ಸಂಗತಿ. ಸಿಡಿಯಲ್ಲಿರುವ ಸಂಗೀತ 1,411 ಕೆಬಿಪಿಎಸ್. ಅದನ್ನು ಹಾಗೆಯೇ ಕಳಿಸಿದರೆ ಗಂಟೆಗೆ 635 ಎಂಬಿ ಬೇಕು. ಆಪ್‌ಗಳು ಅದನ್ನು ಕುಗ್ಗಿಸುವುದು ನಮ್ಮ ಕಿವಿಯ ಒಂದು ಮಿತಿಯನ್ನು ನೆಚ್ಚಿಕೊಂಡು. ಹೋಟೆಲ್ಲಿನ ಅಡುಗೆಮನೆಯಲ್ಲಿ ಗ್ರೈಂಡರ್ ತಿರುಗುತ್ತಿದ್ದಾಗ ಪಕ್ಕದಲ್ಲಿ ಯಾರೋ ಪಿಸುಗುಟ್ಟಿದರೆ ಕೇಳಿಸುವುದಿಲ್ಲ. ದೊಡ್ಡ ಸದ್ದು ಅದರ ಆಸುಪಾಸಿನ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಹಾಡಿನೊಳಗೂ ಇದು ಕ್ಷಣಕ್ಷಣಕ್ಕೆ ನಡೆಯುತ್ತಿರುತ್ತದೆ. ಮೃದಂಗದ ಪೆಟ್ಟು ಬಿದ್ದ ಗಳಿಗೆಯಲ್ಲಿ ಹಿಂದಿನ ಕೆಲವು ಎಳೆಗಳು ಕಿವಿಗೆ ತಲುಪುವುದೇ ಇಲ್ಲ. ಹೇಗೂ ಕೇಳಿಸದ ಆ ಎಳೆಗಳ ಮೇಲೆ ಬಿಟ್‌ಗಳನ್ನು ಖರ್ಚು ಮಾಡದೆ ಬಿಡುವುದೇ ಈ ಕುಗ್ಗಿಸುವಿಕೆಯ ಮರ್ಮ.

320ರಲ್ಲಿ ಬಿಟ್ಟದ್ದು ಏನೆಂದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. 96ರಲ್ಲಿ, ಮನೆಯ ಮೌನದಲ್ಲಿ ಒಳ್ಳೆಯ ಹೆಡ್‌ಫೋನ್ ಹಾಕಿ ಕೂತರೆ ಝಲ್ಲರಿ, ತಾಳದ ಸದ್ದುಗಳು ಕೊಂಚ ಒರಟಾಗಿ ಕೇಳಬಹುದು. ಡೀಸೆಲ್ ಬಸ್ಸಿನ ಗದ್ದಲದಲ್ಲಿ ಆ ವ್ಯತ್ಯಾಸ ಮುಳುಗಿಹೋಗುತ್ತದೆ. ಆದರೆ 24 ಬೇರೆಯೇ ಕಥೆ. ಇಷ್ಟು ಕಡಿಮೆ ದರಕ್ಕೆಂದು ರೂಪಿಸಿದ ಎಚ್‌ಇ-ಎಎಸಿ ವಿಧಾನದಲ್ಲಿ ಮೇಲಿನ ಸ್ಥಾಯಿಯ ಸೂಕ್ಷ್ಮ ಸ್ವರಗಳನ್ನು ಪೂರ್ತಿ ಕಳಿಸುವುದೇ ಇಲ್ಲ. ಕೆಳಗಿನ ಸ್ವರಗಳ ಜೊತೆ ಒಂದಿಷ್ಟು ಸೂಚನೆ ಮಾತ್ರ ಬರುತ್ತದೆ, ಉಳಿದದ್ದನ್ನು ಫೋನೇ ಕಟ್ಟಿಕೊಳ್ಳುತ್ತದೆ. ಮಾತಿಗೆ ಇದು ಸಾಕು. ಸಂಗೀತಕ್ಕೆ ಸಾಲದು. ತಂಬೂರಿಯ ಝೇಂಕಾರ ಇರುವುದೇ ಆ ಸೂಕ್ಷ್ಮ ಸ್ವರಗಳಲ್ಲಿ. `Low`ನಲ್ಲಿ ಅದು ನೀರಿನೊಳಗಿಂದ ಬಂದಂತೆ ಕಲಸಿಹೋಗುತ್ತದೆ. ಗಂಟೆಗೆ ಮೂವತ್ತು ಎಂಬಿ ಉಳಿಸಲು ತಂಬೂರಿಯನ್ನು ಕಳೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ಮೊಬೈಲ್ ಡೇಟಾಗೆ `Normal`, ಪ್ಯಾಕ್ ದೊಡ್ಡದಿದ್ದರೆ `High`: ಇದು ನನ್ನ ಆಯ್ಕೆ.

`Low` ಕೈಹಿಡಿಯುವ ಸಂದರ್ಭ ಒಂದಿದೆ. ದಿನದ ಡೇಟಾ ಮುಗಿದ ಮೇಲೆ ಹಲವು ಪ್ಯಾಕ್‌ಗಳಲ್ಲಿ ನೆಟ್ ಪೂರ್ತಿ ನಿಲ್ಲುವುದಿಲ್ಲ, 64 ಕೆಬಿಪಿಎಸ್‌ಗೆ ಇಳಿಯುತ್ತದೆ. 96 ಬೇಡುವ ಹಾಡು ಈ ವೇಗದಲ್ಲಿ ಓಡಲಾರದು. ನಾಲ್ಕು ನಿಮಿಷದ ಹಾಡು ಇಳಿಯಲು ಆರು ನಿಮಿಷ ಬೇಕು, ಹಾಗಾಗಿ ನಡುನಡುವೆ ನಿಂತು ನಿಂತು ಬರುತ್ತದೆ. 24 ಬೇಡುವ ಹಾಡಿಗೆ ಮಾತ್ರ ದಾರಿ ಸಾಕಷ್ಟು ಅಗಲವಾಗಿದೆ. ಆದರೆ ಆಪ್‌ನ ಮುಖಪುಟದ ಚಿತ್ರಗಳು ತೆರೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹೊಸ ಹಾಡು ಹುಡುಕಲು ಹೋಗದೆ, ಮೊದಲೇ ಮಾಡಿಟ್ಟ ಪಟ್ಟಿಯಿಂದ ಹಾಡು ಹಚ್ಚುವುದು ಲೇಸು.

ಈಗ ‘ಲಾಸ್‌ಲೆಸ್’ ಎಂಬ ಹೊಸ ಆಯ್ಕೆ ಹಲವು ಆಪ್‌ಗಳಲ್ಲಿ ಬಂದಿದೆ. ಇದರಲ್ಲಿ ಏನನ್ನೂ ಕೈಬಿಡದೆ ಕುಗ್ಗಿಸುತ್ತಾರೆ, ಹಾಗಾಗಿ ಗಾತ್ರ ಹೆಚ್ಚು. ಆಪಲ್ ಕಂಪನಿಯೇ ಕೊಡುವ ಅಂದಾಜಿನ ಪ್ರಕಾರ ಮೂರು ನಿಮಿಷದ ಹಾಡೊಂದು ಸಾಮಾನ್ಯ ಉತ್ತಮ ಗುಣಮಟ್ಟದಲ್ಲಿ 6 ಎಂಬಿ, ಲಾಸ್‌ಲೆಸ್‌ನಲ್ಲಿ 36 ಎಂಬಿ, ಹೈ-ರೆಸ್ ಲಾಸ್‌ಲೆಸ್‌ನಲ್ಲಿ 145 ಎಂಬಿ. ಗಂಟೆಗೆ ಇಂಥ ಇಪ್ಪತ್ತು ಹಾಡು ಎಂದುಕೊಳ್ಳಿ. ಲಾಸ್‌ಲೆಸ್‌ಗೆ 720 ಎಂಬಿ ಆಯಿತು. ಹೈ-ರೆಸ್ ಆದರೆ ಹನ್ನೊಂದನೇ ಹಾಡಿಗೇ ಒಂದೂವರೆ ಜಿಬಿ ಮುಗಿಯುತ್ತದೆ. ಬ್ಲೂಟೂತ್ ಇಯರ್‌ಬಡ್‌ನಲ್ಲಿ ಕೇಳುವವರಿಗೆ ಈ ಖರ್ಚು ಹೆಚ್ಚುಕಡಿಮೆ ವ್ಯರ್ಥ. ಸಾಮಾನ್ಯ ಬ್ಲೂಟೂತ್‌ನಲ್ಲಿ ಫೋನು ಹಾಡನ್ನು ಮತ್ತೊಮ್ಮೆ ಕುಗ್ಗಿಸಿಯೇ ಕಿವಿಗೆ ಕಳಿಸುತ್ತದೆ.

ಮೊಬೈಲ್ ಡೇಟಾಗೆ ಕಡಿಮೆ, ವೈಫೈಗೆ ಅತಿ ಹೆಚ್ಚು ಎಂದು ಎಚ್ಚರದಿಂದ ಸೆಟ್ ಮಾಡಿಟ್ಟವರೂ ಒಂದು ಕಡೆ ಎಡವುತ್ತಾರೆ. ಮನೆಯವರ ಫೋನಿನಿಂದ ಹಾಟ್‌ಸ್ಪಾಟ್ ತೆಗೆದುಕೊಂಡಾಗ ನಿಮ್ಮ ಆಪ್‌ಗೆ ಕಾಣುವುದು ವೈಫೈ. ಆ ಕಡೆ ಖರ್ಚಾಗುತ್ತಿರುವುದು ಇನ್ನೊಬ್ಬರ ಮೊಬೈಲ್ ಡೇಟಾ ಎಂಬುದು ಅದಕ್ಕೆ ತಿಳಿಯದು. ಹೀಗಾಗಿ ಅದು ವೈಫೈಗೆಂದು ಇಟ್ಟ ಗುಣಮಟ್ಟದಲ್ಲೇ ಹಾಡು ಎಳೆದುಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟ್‌ಗೆ ಜೋಡಿಸಿ ಕೆಲಸ ಮಾಡುತ್ತ ಹಾಡು ಕೇಳುವವರು ಅದರಲ್ಲಿರುವ ಆಪ್‌ನ ಗುಣಮಟ್ಟವನ್ನೂ ಇಳಿಸಬೇಕು.

ನಿಮ್ಮ ಫೋನಿನಲ್ಲಿ ನಿಜಕ್ಕೂ ಎಷ್ಟಾಗುತ್ತಿದೆ ಎಂದು ನೋಡುವುದು ಸುಲಭ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆಪ್ ಎಷ್ಟು ಡೇಟಾ ಬಳಸಿದೆ ಎಂಬ ಲೆಕ್ಕ ಇರುತ್ತದೆ. ಹಾಡಿನ ಆಪ್‌ನ ಅಂಕಿಯನ್ನು ಬರೆದಿಟ್ಟುಕೊಂಡು, ವೈಫೈ ಆರಿಸಿ, ಈವರೆಗೆ ಕೇಳದ ಹಾಡುಗಳನ್ನು ಒಂದು ಗಂಟೆ ಕೇಳಿ, ಮತ್ತೆ ನೋಡಿ. ಕೇಳದ ಹಾಡುಗಳೇ ಆಗಬೇಕು, ಏಕೆಂದರೆ ಇತ್ತೀಚೆಗೆ ಕೇಳಿದ ಹಾಡುಗಳನ್ನು ಆಪ್ ಫೋನಿನಲ್ಲೇ ಉಳಿಸಿಕೊಂಡಿದ್ದರೆ ಡೇಟಾ ಖರ್ಚಾಗದೆ ಲೆಕ್ಕ ತಪ್ಪುತ್ತದೆ. `Normal`ನಲ್ಲಿ 40ರಿಂದ 55 ಎಂಬಿ ಏರಿದ್ದರೆ ಸರಿಯಾಗಿದೆ. ಲೆಕ್ಕದ 43ಕ್ಕಿಂತ ಕೊಂಚ ಹೆಚ್ಚಾಗುವುದು ಮುಖಪುಟದ ಚಿತ್ರಗಳಿಂದ, ಜಾಹೀರಾತಿನಿಂದ, ಮುಂದಿನ ಹಾಡನ್ನು ಮೊದಲೇ ಇಳಿಸಿಕೊಳ್ಳುವುದರಿಂದ. ಅರ್ಧ ಕೇಳಿ ಮುಂದಕ್ಕೆ ಹಾರುವ ಅಭ್ಯಾಸವಿದ್ದರೆ ಇನ್ನೂ ಹೆಚ್ಚು, ಏಕೆಂದರೆ ಬಿಟ್ಟುಹೋದ ಹಾಡಿನ ಉಳಿದ ಭಾಗ ಆಗಲೇ ಇಳಿದಿರುತ್ತದೆ. ಅಂಕಿ 100 ದಾಟಿದ್ದರೆ ಗುಣಮಟ್ಟದ ಸೆಟ್ಟಿಂಗ್ ಮತ್ತೊಮ್ಮೆ ನೋಡಿ. `Automatic` ಎಂದಿದ್ದರೆ ನೆಟ್ ಚೆನ್ನಾಗಿರುವ ಕಡೆಯೆಲ್ಲ ಅದು ತಾನೇ ಮೇಲಕ್ಕೇರಿರುತ್ತದೆ. ಇನ್ನು ಹಲವು ನೂರು ಎಂಬಿ ತೋರಿಸಿದರೆ, ನೀವು ಕೇಳುತ್ತಿದ್ದದ್ದು ಹಾಡಾದರೂ ಫೋನು ಇಳಿಸುತ್ತಿದ್ದದ್ದು ವೀಡಿಯೊ. ಯೂಟ್ಯೂಬ್‌ನಲ್ಲಿ ಹಾಡು ಹಚ್ಚಿ ಪರದೆಯತ್ತ ನೋಡದೆ ಕೂತರೂ ವೀಡಿಯೊ ಇಳಿಯುತ್ತಲೇ ಇರುತ್ತದೆ. ಹಾಡಿನ ಆಪ್‌ಗಳಲ್ಲೂ ವೀಡಿಯೊ ಸಹಿತ ಹಾಡುಗಳು ಬಂದಿವೆ. ಅಲ್ಲಿ ಮುಟ್ಟಬೇಕಾದದ್ದು ಧ್ವನಿಯ ಗುಣಮಟ್ಟದ ಗುಂಡಿಯನ್ನಲ್ಲ, ವೀಡಿಯೊ ನಿಲ್ಲಿಸುವ ಗುಂಡಿಯನ್ನು.