ಸರಕು ವ್ಯಾನ್: ಕೊಳ್ಳುವುದೋ, ಲೀಸಿಗೆ ಪಡೆಯುವುದೋ? ತೆರಿಗೆ ಕಳೆದ ಮೇಲಿನ ಲೆಕ್ಕ

ಕಿರಾಣಿ, ಬಟ್ಟೆ, ಪಾತ್ರೆ, ಔಷಧಿ ಹೀಗೆ ಯಾವ ಸಗಟು ವ್ಯಾಪಾರವಾದರೂ ಅಂಗಡಿಗಳಿಗೆ ಸರಕು ತಲುಪಿಸಲು ಒಂದು ವ್ಯಾನ್ ಬೇಕೇ ಬೇಕು. ಹಿಂದೆ ಅದನ್ನು ಸ್ವಂತ ದುಡ್ಡಿನಿಂದ ಅಥವಾ ಬ್ಯಾಂಕ್ ಸಾಲದಿಂದ ಕೊಳ್ಳುತ್ತಿದ್ದರು. ಈಗ ತಿಂಗಳ ಬಾಡಿಗೆಗೆ ವಾಹನ ಕೊಡುವ ಲೀಸ್ ಕಂಪನಿಗಳೂ ಬಾಗಿಲಿಗೆ ಬರುತ್ತಿವೆ. ಇದು ನಮ್ಮಲ್ಲಿ ಮನೆಗೆ ಹೇಳುವ ಲೀಸ್ ಅಲ್ಲ. ಅಲ್ಲಿ ದೊಡ್ಡ ಮೊತ್ತ ಕೊಟ್ಟು ಕೊನೆಗೆ ವಾಪಸ್ ಪಡೆಯುತ್ತೇವೆ. ಇಲ್ಲಿ ತಿಂಗಳು ತಿಂಗಳು ಬಾಡಿಗೆ ಕಟ್ಟಿ, ಅವಧಿ ಮುಗಿದ ಮೇಲೆ ವಾಹನವನ್ನು ಕಂಪನಿಗೆ ಹಿಂದಿರುಗಿಸಬೇಕು.

ಎರಡರಲ್ಲಿ ಯಾವುದು ಅಗ್ಗ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಕಂತು ಮತ್ತು ಬಾಡಿಗೆಯ ಹೋಲಿಕೆ ಏಕೆ ಸಾಲದು

ಹುಬ್ಬಳ್ಳಿಯಲ್ಲಿ ಅಣ್ಣ ತಮ್ಮಂದಿರು ಸೇರಿ ನಡೆಸುವ ಒಂದು ಕಿರಾಣಿ ಸಗಟು ಪಾಲುದಾರಿಕೆ ಸಂಸ್ಥೆ ಇದೆ ಎಂದುಕೊಳ್ಳೋಣ. ಬೇಕಾದ ವ್ಯಾನಿನ ಬೆಲೆ ಜಿಎಸ್‌ಟಿ ಬಿಟ್ಟು 8,00,000 ರೂ. ಬ್ಯಾಂಕಿನಲ್ಲಿ ಶೇ. 10ರ ಬಡ್ಡಿಗೆ ಐದು ವರ್ಷದ ಸಾಲ ಸಿಗುತ್ತದೆ. ಅದರ ಕಂತು ತಿಂಗಳಿಗೆ ಸುಮಾರು 17,000 ರೂ. ಅದೇ ವ್ಯಾನನ್ನು ಲೀಸ್ ಕಂಪನಿ ಜಿಎಸ್‌ಟಿ ಬಿಟ್ಟು ತಿಂಗಳಿಗೆ 15,500 ರೂ.ಗೆ ಐದು ವರ್ಷ ಕೊಡುತ್ತದೆ.

'ಕಂತಿಗಿಂತ ಬಾಡಿಗೆ 1,500 ಕಡಿಮೆ, ಲೀಸೇ ಲಾಭ' ಎಂದು ತಮ್ಮನಿಗೆ ತೋರುತ್ತದೆ. 'ಐದು ವರ್ಷದ ಬಾಡಿಗೆ 9,30,000 ಆಗುತ್ತದೆ. ವ್ಯಾನಿನ ಬೆಲೆಯೇ 8 ಲಕ್ಷ, ಮೇಲೆ ಕೊನೆಗೆ ಗಾಡಿ ನಮ್ಮದೇ' ಎಂದು ಅಣ್ಣ ಹೇಳುತ್ತಾನೆ. ಇಬ್ಬರ ಲೆಕ್ಕವೂ ಅರ್ಧ ಮಾತ್ರ. ಸಾಲ ತೀರಿದ ಮೇಲೆ ಕೈಯಲ್ಲಿ ಉಳಿಯುವ ವಾಹನವನ್ನು ತಮ್ಮ ಮರೆತಿದ್ದಾನೆ. ಇಂದು ಕೊಡುವ ಎಂಟು ಲಕ್ಷ ಮತ್ತು ಐದು ವರ್ಷದಲ್ಲಿ ಹಂಚಿ ಕೊಡುವ ಒಂಬತ್ತು ಲಕ್ಷ ಒಂದೇ ತೂಕದ ಹಣವಲ್ಲ ಎಂಬುದನ್ನು ಅಣ್ಣ ಮರೆತಿದ್ದಾನೆ. ತೆರಿಗೆಯಲ್ಲಿ ಆಗುವ ಉಳಿತಾಯವನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇಂದಿನ ಮೌಲ್ಯ ಎಂದರೇನು

ಮುಂದೆ ಕೊಡಬೇಕಾದ ಅಥವಾ ಬರಬೇಕಾದ ಹಣಕ್ಕೆ ಈ ದಿನ ಎಷ್ಟು ಬೆಲೆ ಎಂಬುದೇ ಇಂದಿನ ಮೌಲ್ಯ. ಅದನ್ನು ತಿಳಿಯಲು ಒಂದು ಬಡ್ಡಿ ದರ ಬೇಕು. ಈ ಸಂಸ್ಥೆ ಶೇ. 10ಕ್ಕೆ ಸಾಲ ಪಡೆಯುತ್ತದೆ. ಕಟ್ಟಿದ ಬಡ್ಡಿ ವ್ಯಾಪಾರದ ಖರ್ಚಾದ್ದರಿಂದ ಅದರ ಮೇಲೆ ತೆರಿಗೆ ಉಳಿಯುತ್ತದೆ. ಪಾಲುದಾರಿಕೆ ಸಂಸ್ಥೆಗೆ ತೆರಿಗೆ ಶೇ. 30, ಲೆಕ್ಕ ಸರಳವಾಗಲೆಂದು ಸೆಸ್ ಬಿಟ್ಟಿದೆ. ಹಾಗಾಗಿ 100 ರೂ. ಬಡ್ಡಿ ಕಟ್ಟಿದರೆ ನಿಜವಾಗಿ ಕೈಯಿಂದ ಹೋಗುವುದು 70 ರೂ. ಸಾಲದ ನಿಜವಾದ ದರ ಶೇ. 7.

ಶೇ. 7ರ ದರದಲ್ಲಿ ಒಂದು ವರ್ಷದ ನಂತರದ 100 ರೂ.ಗೆ ಇಂದಿನ ಮೌಲ್ಯ 100 ÷ 1.07, ಅಂದರೆ 93.46 ರೂ. ಎರಡು ವರ್ಷದ ನಂತರದ್ದಕ್ಕೆ ಅದನ್ನೇ ಇನ್ನೊಮ್ಮೆ 1.07ರಿಂದ ಭಾಗಿಸಬೇಕು. ಐದನೆಯ ವರ್ಷದ ಕೊನೆಯ 100 ರೂ.ಗೆ ಇಂದು 71.30 ರೂ. ಮಾತ್ರ.

ಇಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ. ಸಾಲದ ಬಡ್ಡಿಯನ್ನು ಖರೀದಿಯ ಖರ್ಚಿಗೆ ಸೇರಿಸಿ, ಮತ್ತೆ ಎಲ್ಲವನ್ನೂ ಶೇ. 7ರಿಂದ ಇಳಿಸುತ್ತಾರೆ. ಆಗ ಬಡ್ಡಿ ಎರಡು ಸಲ ಎಣಿಕೆಯಾಗುತ್ತದೆ. ಇಳಿಸುವ ದರದಲ್ಲೇ ಬಡ್ಡಿ ಅಡಗಿದೆ. ಆದ್ದರಿಂದ ಖರೀದಿಯ ಕಡೆ ವ್ಯಾನಿನ ಬೆಲೆ 8,00,000 ಎಂದಷ್ಟೇ ಬರೆದುಕೊಳ್ಳಬೇಕು.

ಡೀಸೆಲ್, ಚಾಲಕನ ಸಂಬಳ, ವಿಮೆ, ರಿಪೇರಿ ಈ ಉದಾಹರಣೆಯಲ್ಲಿ ಎರಡೂ ದಾರಿಯಲ್ಲಿ ಅಂಗಡಿಯದೇ. ಎರಡೂ ಕಡೆ ಒಂದೇ ಆಗಿರುವ ಖರ್ಚನ್ನು ಬಿಟ್ಟುಬಿಡಬಹುದು. ಸರ್ವಿಸನ್ನು ಲೀಸ್ ಕಂಪನಿಯೇ ನೋಡಿಕೊಳ್ಳುವುದಾದರೆ ಆ ಮೊತ್ತವನ್ನು ಖರೀದಿಯ ಕಡೆ ಸೇರಿಸಬೇಕು.

ಖರೀದಿಯ ಲೆಕ್ಕ

ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ. ಎಂಟು ಲಕ್ಷದ ವ್ಯಾನಿಗೆ ಇದು 1,44,000 ರೂ. ಪ್ರಯಾಣಿಕರ ಕಾರಿನಂತಲ್ಲದೆ, ಸರಕು ವಾಹನದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಲೀಸ್ ಬಾಡಿಗೆಯ ಜಿಎಸ್‌ಟಿಗೂ ಹಾಗೆಯೇ. ಹೀಗಾಗಿ ಎರಡೂ ಕಡೆ ಜಿಎಸ್‌ಟಿ ಬಿಟ್ಟು ಲೆಕ್ಕ ಹಾಕಿದೆ. ಕ್ರೆಡಿಟ್ ಪಡೆದ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಕ್ರೆಡಿಟ್ ಇಲ್ಲ. ಅವರು ಬೆಲೆ, ಬಾಡಿಗೆ ಎರಡಕ್ಕೂ ಜಿಎಸ್‌ಟಿ ಸೇರಿಸಿಯೇ ಹೋಲಿಸಬೇಕು.

ಖರೀದಿಸಿದ ವ್ಯಾನಿನ ಪೂರ್ತಿ ಬೆಲೆಯನ್ನು ಒಂದೇ ವರ್ಷ ಖರ್ಚು ಎಂದು ತೋರಿಸಲಾಗದು. ವರ್ಷಕ್ಕೆ ಶೇ. 15ರಂತೆ, ಹಿಂದಿನ ಸವಕಳಿ ಕಳೆದು ಉಳಿದ ಮೌಲ್ಯದ ಮೇಲೆ ಸವಕಳಿ ಸಿಗುತ್ತದೆ. ಶೇ. 30ರ ಸವಕಳಿ ಇರುವುದು ವಾಹನವನ್ನು ಬಾಡಿಗೆಗೆ ಓಡಿಸುವ ವ್ಯಾಪಾರಕ್ಕೆ. ತನ್ನ ಅಂಗಡಿಯ ಸರಕನ್ನೇ ಸಾಗಿಸುವವರು ಆ ದರ ಹಾಕಿದರೆ ಲೆಕ್ಕ ತಪ್ಪುತ್ತದೆ.

ಏಪ್ರಿಲ್‌ನಲ್ಲಿ ಖರೀದಿಸಿದರೆ ಐದು ವರ್ಷ ಹೀಗಾಗುತ್ತದೆ (ರೂ.ಗಳಲ್ಲಿ):

| ವರ್ಷ | ಸವಕಳಿ | ಉಳಿಯುವ ತೆರಿಗೆ | ಇಂದಿನ ಮೌಲ್ಯ |
|---|---|---|---|
| 1 | 1,20,000 | 36,000 | 33,645 |
| 2 | 1,02,000 | 30,600 | 26,727 |
| 3 | 86,700 | 26,010 | 21,232 |
| 4 | 73,695 | 22,109 | 16,866 |
| 5 | 62,641 | 18,792 | 13,399 |

ಕೊನೆಯ ಸಾಲಿನ ಮೊತ್ತ 1,11,869 ರೂ. ಐದು ವರ್ಷದ ಸವಕಳಿಯಿಂದ ಉಳಿಯುವ ತೆರಿಗೆಯ ಇಂದಿನ ಮೌಲ್ಯ ಇದು.

ಐದು ವರ್ಷ ಮುಗಿದ ಕೂಡಲೇ, ಆರನೆಯ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ ವ್ಯಾನನ್ನು ಮಾರುತ್ತಾರೆ ಎಂದುಕೊಳ್ಳೋಣ. ಕೊಳ್ಳುವವರು 2,95,000 ರೂ. ಕೊಡುತ್ತಾರೆ. ಮೊದಲು ಕ್ರೆಡಿಟ್ ಪಡೆದಿದ್ದರಿಂದ ಮಾರುವಾಗ ಜಿಎಸ್‌ಟಿ ಕಟ್ಟಬೇಕು. ಅದರಂತೆ 45,000 ಸರ್ಕಾರಕ್ಕೆ ಹೋಗಿ, ಸಂಸ್ಥೆಗೆ ಉಳಿಯುವುದು 2,50,000 ರೂ. ಅದರ ಇಂದಿನ ಮೌಲ್ಯ 1,78,247 ರೂ.

ಆ ಹೊತ್ತಿಗೆ ಪುಸ್ತಕದಲ್ಲಿ ವ್ಯಾನಿನ ಮೌಲ್ಯ 3,54,964 ರೂ. ಇರುತ್ತದೆ. ಮಾರಿ ಬಂದದ್ದು ಅದಕ್ಕಿಂತ 1,04,964 ಕಡಿಮೆ. ಇದನ್ನು ಆ ವರ್ಷವೇ ನಷ್ಟ ಎಂದು ಕಳೆಯಬಹುದು ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ತೂಕದ ಯಂತ್ರ, ಸ್ಕೂಟರ್ ಮುಂತಾಗಿ ಶೇ. 15ರ ಗುಂಪಿನಲ್ಲಿ ಬೇರೆ ಆಸ್ತಿ ಇದ್ದರೆ ಈ ಮೊತ್ತ ಆ ಗುಂಪಿನಲ್ಲೇ ಉಳಿದು, ಮುಂದಿನ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಸವಕಳಿಯಾಗುತ್ತದೆ. ಅದರಿಂದ ಸಿಗುವ ಎಲ್ಲ ತೆರಿಗೆ ಉಳಿತಾಯದ ಇಂದಿನ ಮೌಲ್ಯ ಸುಮಾರು 15,308 ರೂ. ಗುಂಪಿನಲ್ಲಿ ಬೇರೇನೂ ಇಲ್ಲದಿದ್ದರೆ ಅದು ಅಲ್ಪಾವಧಿ ಬಂಡವಾಳ ನಷ್ಟವಾಗುತ್ತದೆ. ವ್ಯಾಪಾರದ ಆದಾಯದಿಂದ ಅದನ್ನು ಕಳೆಯುವಂತಿಲ್ಲ.

ಹೀಗೆ 8,00,000ದಿಂದ 1,11,869, 1,78,247 ಮತ್ತು 15,308 ಕಳೆದರೆ ಖರೀದಿಯ ನಿಜವಾದ ವೆಚ್ಚ ಇಂದಿನ ಮೌಲ್ಯದಲ್ಲಿ 4,94,576 ರೂ.

ಲೀಸಿನ ಲೆಕ್ಕ

ಇದು ಸುಲಭ. ವರ್ಷದ ಬಾಡಿಗೆ 1,86,000 ರೂ. ಪೂರ್ತಿ ಮೊತ್ತವೂ ವ್ಯಾಪಾರದ ಖರ್ಚು. ಶೇ. 30 ತೆರಿಗೆ ಉಳಿದು ನಿಜವಾಗಿ ಹೋಗುವುದು 1,30,200 ರೂ. ಐದು ವರ್ಷ ಇಷ್ಟೇ ಮೊತ್ತವನ್ನು ಶೇ. 7ರಿಂದ ಇಳಿಸಲು 4.1002ರಿಂದ ಗುಣಿಸಬೇಕು. ಸಿಗುವುದು 5,33,846 ರೂ.

ಅಂದರೆ ಖರೀದಿಯೇ ಸುಮಾರು 39,000 ರೂ. ಅಗ್ಗ. ಅಣ್ಣ ಗೆದ್ದದ್ದು ನಿಜ, ಆದರೆ ಅವನು ಭಾವಿಸಿದಷ್ಟು ದೊಡ್ಡ ಅಂತರದಿಂದಲ್ಲ. ಇಲ್ಲಿ ಬಾಡಿಗೆಯನ್ನು ವರ್ಷದ ಕೊನೆಗೆ ಕೊಟ್ಟಂತೆ ಎಣಿಸಿದೆ. ತಿಂಗಳು ತಿಂಗಳು ಕೊಡುವಾಗ ಹಣ ಬೇಗ ಹೋಗುವುದರಿಂದ ಲೀಸಿನ ವೆಚ್ಚ ಇನ್ನೂ ಸ್ವಲ್ಪ ಹೆಚ್ಚೇ ಆಗುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿದರೆ ಚೌಕಾಸಿಗೆ ಒಂದು ಅಂಕಿ ಸಿಗುತ್ತದೆ. ಎರಡೂ ದಾರಿ ಸಮನಾಗಬೇಕಾದರೆ ತಿಂಗಳ ಬಾಡಿಗೆ ಸುಮಾರು 14,360 ರೂ. ಇರಬೇಕು. ಲೀಸ್ ಕಂಪನಿ ಅದಕ್ಕಿಂತ ಕೆಳಗೆ ಬಂದರೆ ಒಪ್ಪಿಕೊಳ್ಳುವ ಮಾತು.

ಉತ್ತರ ಬದಲಾಗುವುದು ಎಲ್ಲಿ

ಮೊದಲನೆಯದು, ಮಾರಾಟದ ಬೆಲೆ. ಐದು ವರ್ಷದ ನಂತರ ವ್ಯಾನಿಗೆ ಜಿಎಸ್‌ಟಿ ಬಿಟ್ಟು 2,50,000ದ ಬದಲು ಸುಮಾರು 1,81,000 ಬಂದರೆ ಎರಡೂ ಸಮ. ಅದಕ್ಕೂ ಕಡಿಮೆ ಬಂದರೆ ಲೀಸ್ ಲಾಭ. ಹಾಗಾಗಿ ತೀರ್ಮಾನಕ್ಕೆ ಮೊದಲು ಅದೇ ಮಾದರಿಯ ಐದು ವರ್ಷ ಹಳೆಯ ವ್ಯಾನುಗಳು ನಮ್ಮ ಊರಿನಲ್ಲಿ ಎಷ್ಟಕ್ಕೆ ಹೋಗುತ್ತಿವೆ ಎಂದು ವಿಚಾರಿಸಬೇಕು. ಹಳ್ಳಿಯ ಕೆಟ್ಟ ರಸ್ತೆಯಲ್ಲಿ ಹೆಚ್ಚು ಓಡುವ ಗಾಡಿಗೆ ಬೆಲೆ ಬೇಗ ಬೀಳುತ್ತದೆ. ಆದರೆ ಅಂಥ ಓಟಕ್ಕೆ ಲೀಸ್ ಕರಾರಿನಲ್ಲೂ ಮಿತಿ ಇರಬಹುದು. ಕಿಲೋಮೀಟರ್ ಮೀರಿದರೆ ಎಷ್ಟು, ಡೆಂಟ್ ಬಿದ್ದರೆ ಎಷ್ಟು, ಮಧ್ಯದಲ್ಲಿ ಹಿಂದಿರುಗಿಸಿದರೆ ಎಷ್ಟು ಕೊಡಬೇಕು ಎಂಬುದನ್ನು ಓದಿಯೇ ಸಹಿ ಮಾಡಬೇಕು.

ಎರಡನೆಯದು, ತೆರಿಗೆಯ ಸ್ಥಿತಿ. ಸಣ್ಣ ವ್ಯಾಪಾರಿಗಳಲ್ಲಿ ಬಹಳ ಮಂದಿ ವಹಿವಾಟಿನ ಶೇ. 8 ಅಥವಾ 6ರಷ್ಟನ್ನು ಲಾಭವೆಂದು ಘೋಷಿಸುವ ಅಂದಾಜು ಆದಾಯ ಯೋಜನೆಯಲ್ಲಿ, ಅಂದರೆ ಹಳೆಯ ಕಾಯ್ದೆಯಲ್ಲಿ 44ಎಡಿ ಎನ್ನುತ್ತಿದ್ದ ಕ್ರಮದಲ್ಲಿ ಇದ್ದಾರೆ. ಅಲ್ಲಿ ಸವಕಳಿ, ಬಾಡಿಗೆ, ಬಡ್ಡಿ ಎಲ್ಲವೂ ಆಗಲೇ ಕಳೆದಂತೆ. 'ಲೀಸ್ ಬಾಡಿಗೆ ಪೂರ್ತಿ ತೆರಿಗೆ ಉಳಿಸುತ್ತದೆ' ಎಂಬ ಮಾರಾಟಗಾರನ ಮಾತು ಇವರಿಗೆ ಅನ್ವಯಿಸುವುದೇ ಇಲ್ಲ. ಬಡ್ಡಿಯ ಮೇಲೂ ತೆರಿಗೆ ಉಳಿಯದ ಕಾರಣ ಇಳಿಸುವ ದರ ಪೂರ್ತಿ ಶೇ. 10 ಆಗುತ್ತದೆ. ಇದೇ ವ್ಯಾನಿಗೆ ಆಗ ಖರೀದಿಯ ವೆಚ್ಚ 6,44,770 ರೂ., ಲೀಸಿನದು 7,05,086 ರೂ. ಅಂತರ 60,000 ದಾಟುತ್ತದೆ.

ಒಬ್ಬರೇ ಮಾಲೀಕರಾಗಿರುವ ಅಂಗಡಿಗಳೂ ಅವಿಭಕ್ತ ಕುಟುಂಬದ ಹೆಸರಿನಲ್ಲಿ ನಡೆಯುವ ವ್ಯಾಪಾರಗಳೂ ಶೇ. 30ನ್ನು ಕಣ್ಣುಮುಚ್ಚಿ ಹಾಕಬಾರದು. ತಮ್ಮ ಆದಾಯದ ಕೊನೆಯ ಭಾಗ ಯಾವ ಹಂತದ ತೆರಿಗೆಗೆ ಬೀಳುತ್ತದೋ ಅದೇ ದರ ಹಾಕಬೇಕು.

ಹೀಗಾಗಿ ಲೆಕ್ಕ ಪರಿಶೋಧಕರ ಬಳಿ ಹೋಗುವಾಗ ನಾಲ್ಕು ಅಂಕಿ ಬರೆದುಕೊಂಡು ಹೋದರೆ ಸಾಕು: ಜಿಎಸ್‌ಟಿ ಬಿಟ್ಟ ಬೆಲೆ, ಬ್ಯಾಂಕ್ ಕೊಡುವ ಬಡ್ಡಿ ದರ, ಲೀಸ್ ಬಾಡಿಗೆ, ಊರಿನಲ್ಲಿ ವಿಚಾರಿಸಿದ ಹಳೆಯ ಗಾಡಿಯ ಬೆಲೆ. ತೆರಿಗೆಯ ದರವನ್ನು ಅವರು ಹೇಳುತ್ತಾರೆ. ಉಳಿದದ್ದು ಒಂದು ಹಾಳೆಯಲ್ಲಿ ಮುಗಿಯುವ ಲೆಕ್ಕ.