ಸತ್ತವರಿಗೆ ವಿಶ್ರಾಂತಿಯೋ, ಸದ್ಗತಿಯೋ?

ನಮ್ಮ ಪಟ್ಟಣಗಳ ಸಂಘಸಂಸ್ಥೆಗಳ ಸಂತಾಪ ನಿರ್ಣಯಗಳಲ್ಲಿಯೂ, ಕಚೇರಿಗಳಿಂದ ಹೋಗುವ ಪತ್ರಗಳಲ್ಲಿಯೂ, ಮೊಬೈಲಿನ ಸಂದೇಶಗಳಲ್ಲಿಯೂ ‘ಶಾಂತಿಯಲ್ಲಿ ವಿಶ್ರಮಿಸಿರಿ’ ಎಂಬ ವಾಕ್ಯವು ಈಚೆಗೆ ಕಾಣಿಸಿಕೊಳ್ಳುತ್ತಿದೆ. ಇದು ಇಂಗ್ಲಿಷಿನ ‘ರೆಸ್ಟ್ ಇನ್ ಪೀಸ್’ ಎಂಬುದರ ಪದಶಃ ಭಾಷಾಂತರವೆಂದು ಯಾರಿಗಾದರೂ ತಿಳಿಯುವುದು. ಬರೆದವರ ಸದ್ಭಾವವನ್ನು ನಾವು ಸಂಶಯಿಸುವುದಿಲ್ಲ. ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ಈ ವಾಕ್ಯವನ್ನು ಓದಿ ಹೇಳಿದರೆ, ವಿಶ್ರಮಿಸಬೇಕಾದವರು ಯಾರೆಂದು ಆಕೆ ಕೇಳಿಯಾಳು. ದುಃಖದ ಮನೆಯಲ್ಲಿ ಅರ್ಥವಾಗದ ಮಾತಿಗಿಂತ ಮೌನವೇ ಲೇಸು. ಆದುದರಿಂದ ಈ ವಾಕ್ಯವು ಏಕೆ ಟೊಳ್ಳಾಗಿ ಕೇಳಿಸುವುದೆಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಇಂಗ್ಲಿಷಿನ ವಾಕ್ಯವೂ ಮೂಲದಲ್ಲಿ ಇಂಗ್ಲಿಷಿನದಲ್ಲ; ಅದು ‘ರೆಕ್ವಿಯೆಸ್ಕಾತ್ ಇನ್ ಪಾಚೆ’ ಎಂಬ ಲ್ಯಾಟಿನ್ ಪ್ರಾರ್ಥನೆಯಿಂದ ಬಂದುದು. ಇಲ್ಲಿಯ ಕ್ರಿಯಾಪದವು ಪ್ರಥಮ ಪುರುಷದ ಹಾರೈಕೆಯ ರೂಪ. ‘ಆತನು ವಿಶ್ರಮಿಸಲಿ’ ಎಂದು ದೇವರಲ್ಲಿ ಬೇಡಿಕೊಳ್ಳುವುದು. ನಮ್ಮ ‘ಆಗಲಿ’, ‘ದೊರೆಯಲಿ’ ಎಂಬ ರೂಪಗಳಿಗೆ ಅದು ಸಮೀಪವಾಗಿದೆ. ಇಂಗ್ಲಿಷಿನಲ್ಲಿ ಆ ಹಾರೈಕೆಯ ಪದಗಳು ಉದುರಿ, ಉಳಿದ ಮೂರು ಪದಗಳು ನೋಡುವುದಕ್ಕೆ ಆಜ್ಞೆಯಂತಾದವು. ನಮ್ಮ ಭಾಷಾಂತರಕಾರರು ಆ ಆಜ್ಞೆಯನ್ನೇ ಹಿಡಿದು ಸತ್ತವರಿಗೆ ‘ವಿಶ್ರಮಿಸಿರಿ’ ಎಂದು ಅಪ್ಪಣೆ ಮಾಡಿದ್ದಾರೆ.

ಪ್ರಾರ್ಥನೆಯ ಹಿಂದಿರುವ ಭಾವನೆಯೂ ಗಮನಾರ್ಹವಾದುದು. ಮೃತನ ದೇಹವು ಭೂಮಿಯಲ್ಲಿ ಮಲಗಿದ್ದು, ಅಂತ್ಯಕಾಲದಲ್ಲಿ ಪುನಃ ಏಳುವುದೆಂದು ಕ್ರೈಸ್ತರು ನಂಬುತ್ತಾರೆ. ಇಂಗ್ಲಿಷರು ಸ್ಮಶಾನಕ್ಕೆ ಹೇಳುವ ‘ಸೆಮೆಟರಿ’ ಎಂಬ ಪದವು ‘ಮಲಗುವ ಸ್ಥಳ’ ಎಂಬ ಅರ್ಥದ ಗ್ರೀಕ್ ಪದದಿಂದ ಹುಟ್ಟಿದೆ. ಏಳುವವನಿಗೆ ಅಲ್ಲಿಯವರೆಗೆ ನೆಮ್ಮದಿಯ ನಿದ್ರೆಯನ್ನು ಕೋರುವುದು ಸಹಜವೇ ಸರಿ. ಕನ್ನಡ ಕ್ರೈಸ್ತರು ತಮ್ಮ ಪ್ರಾರ್ಥನೆಯಲ್ಲಿ ವಿಶ್ರಾಂತಿಯನ್ನು ಬೇಡಿದರೆ ಅದು ಅವರ ನಂಬಿಕೆಗೆ ಒಪ್ಪುವ ಜೀವಂತವಾದ ಮಾತು. ನಮ್ಮ ಆಕ್ಷೇಪಣೆಯು ಅದಕ್ಕೆ ತಗಲುವುದಿಲ್ಲ. ಆ ನಂಬಿಕೆಯನ್ನು ಅಲ್ಲಿಯೇ ಬಿಟ್ಟು, ಅದರ ಮಾತನ್ನು ಮಾತ್ರ ಎಲ್ಲರ ಮನೆಗೂ ಒಯ್ಯುವುದಕ್ಕೆ ನಮ್ಮ ಆಕ್ಷೇಪಣೆ.

ಕನ್ನಡದಲ್ಲಿ ವಿಶ್ರಾಂತಿಯೆಂದರೆ ದಣಿವಾರಿಸಿಕೊಳ್ಳುವುದು. ಊಟವಾದ ಮೇಲೆ ವಿಶ್ರಾಂತಿ, ಜ್ವರ ಬಿಟ್ಟ ಮೇಲೆ ವಿಶ್ರಾಂತಿ. ಅದು ಮುಗಿದ ಕೂಡಲೆ ಮನುಷ್ಯನು ಎದ್ದು ಕೆಲಸಕ್ಕೆ ಹೋಗುವನು. ‘ಶಾಂತಿಯಲ್ಲಿ’ ಎಂಬುದಂತೂ ವ್ಯಾಕರಣಕ್ಕೂ ಕಿವಿಗೂ ಹೊಂದದು. ಇರುವ ರೀತಿಯನ್ನು ಹೇಳುವಾಗ ಕನ್ನಡಿಗನು ಸಪ್ತಮಿಯನ್ನು ಬಿಟ್ಟು ‘ಶಾಂತಿಯಿಂದ’, ‘ನೆಮ್ಮದಿಯಿಂದ’ ಎಂದು ತೃತೀಯೆಯನ್ನು ಬಳಸುವನು.

ಹಾಗಾದರೆ ಮರಣವನ್ನು ಕನ್ನಡವು ಹೇಗೆ ಕಂಡಿದೆ? ಬಹುತರ ನಮ್ಮ ಮಾತುಗಳು ಹೋಗುವುದನ್ನೂ, ಸೇರುವುದನ್ನೂ, ಮುಗಿಯುವುದನ್ನೂ ಹೇಳುತ್ತವೆ. ‘ಅಗಲಿದರು’, ‘ದೇವರ ಪಾದ ಸೇರಿದರು’, ‘ತೀರಿಕೊಂಡರು’, ‘ಋಣ ಮುಗಿಯಿತು’ ಎಂಬಿವನ್ನು ನೋಡಬಹುದು. ಪತ್ರಗಳಲ್ಲಿ ನಾವು ನಿತ್ಯವೂ ಬರೆಯುವ ‘ದಿವಂಗತ’ ಎಂಬುದಕ್ಕೂ ಸ್ವರ್ಗಕ್ಕೆ ಹೋದವನೆಂದೇ ಅರ್ಥ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ 7ನೆಯ ಶತಮಾನದ ಶಾಸನಗಳು ಉಪವಾಸವ್ರತದಿಂದ ದೇಹ ಬಿಟ್ಟ ಜೈನ ಮುನಿಗಳನ್ನು ಕುರಿತು, ನೋಂತು ಮುಡಿಪಿದರೆಂದು, ಎಂದರೆ ವ್ರತವನ್ನು ಆಚರಿಸಿ ಮುಗಿಸಿದರೆಂದು, ಹೇಳುತ್ತವೆ. ವೀರಗಲ್ಲಿನ ಮೇಲಣ ಪಟ್ಟಿಕೆಗಳಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವರು. ಕಲ್ಲಿನಲ್ಲಿಯೂ ಆತನು ಮಲಗಿಲ್ಲ.

ಹಿಂದುಗಳು ಸುಡುವವರು, ಕ್ರೈಸ್ತರು ಹೂಳುವವರು, ಭೇದವು ಅಷ್ಟೇ ಎಂದು ಕೆಲವರು ಹೇಳಬಹುದು. ಈ ಸಮಾಧಾನವು ಸಾಲದು. ವೀರಶೈವ ಲಿಂಗಾಯತರು ಶವವನ್ನು ಕುಳ್ಳಿರಿಸಿ ಹೂಳುತ್ತಾರೆ. ಆದರೂ ಅವರ ಮಾತು ‘ಲಿಂಗೈಕ್ಯರಾದರು’ ಎಂಬುದು. ಅಲ್ಲಿ ಐಕ್ಯವುಂಟು, ಮಲಗಿ ಕಾಯುವುದಿಲ್ಲ. ನಮ್ಮ ಮುಸಲ್ಮಾನ ಬಂಧುಗಳೂ ಹೂಳುವವರೇ. ಮರಣವಾರ್ತೆಯನ್ನು ಕೇಳಿದೊಡನೆ ಅವರು ಹೇಳುವ ಅರಬ್ಬಿ ವಾಕ್ಯದ ತಾತ್ಪರ್ಯವು, ನಾವೆಲ್ಲರೂ ದೇವರಿಗೆ ಸೇರಿದವರು, ಆತನೆಡೆಗೇ ಮರಳುವವರು ಎಂಬುದು.

ಕನ್ನಡದ ಸಂತಾಪಕ್ಕೆ ಇನ್ನೊಂದು ಲಕ್ಷಣವುಂಟು. ಇಂಗ್ಲಿಷ್ ವಾಕ್ಯವು ಸತ್ತವನನ್ನು ಎದುರಿಟ್ಟುಕೊಂಡು ಮಾತನಾಡುವಂತೆ ಕೇಳಿಸುವುದು. ನಮ್ಮಲ್ಲಿ ಸಾವಾದ ಮನೆಗೆ ಹೋಗುವುದನ್ನೇ ‘ಮಾತನಾಡಿಸಿಕೊಂಡು ಬರುವುದು’ ಎನ್ನುತ್ತಾರೆ, ಮಾತನಾಡಿಸುವುದು ಉಳಿದವರನ್ನು. ಹೋದವರಿಗೆ ದೂರದಿಂದ ಒಂದು ಹಾರೈಕೆ, ಇದ್ದವರಿಗೆ ಎದುರಿನಲ್ಲಿ ಒಂದು ಧೈರ್ಯ. ‘ಅವರ ಆತ್ಮಕ್ಕೆ ಸದ್ಗತಿ ದೊರೆಯಲಿ’ ಎಂಬುದು ಮೊದಲನೆಯದು. ‘ಈ ದುಃಖವನ್ನು ಸಹಿಸುವ ಶಕ್ತಿಯನ್ನು ದೇವರು ನಿಮಗೆ ಕೊಡಲಿ’ ಎಂಬುದು ಎರಡನೆಯದು. ತುಂಬು ವಯಸ್ಸಿನವರು ತೀರಿಕೊಂಡಾಗ ‘ಬಾಳಿ ಬದುಕಿದ ಜೀವ’ ಎನ್ನುವರು. ಎಳೆಯರು ಹೋದರೆ ಆ ಮಾತು ಬಾಯಿಗೆ ಬರಬಾರದು. ಆಗ ‘ಹೋಗುವ ವಯಸ್ಸಲ್ಲ, ಹೀಗಾಗಬಾರದಿತ್ತು’ ಎಂಬುದಷ್ಟೇ ಮಾತು. ಹೊರಡುವಾಗ ‘ಹೋಗಿ ಬರುತ್ತೇವೆ’ ಎನ್ನುವ ವಾಡಿಕೆಯೂ ಆ ಮನೆಯಲ್ಲಿಲ್ಲ. ಹೇಳದೆಯೇ ಎದ್ದು ಬರುವರು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಚೇರಿಯ ಗುಮಾಸ್ತರೊಬ್ಬರು ತೀರಿಕೊಂಡಿದ್ದಾರೆ. ಅವರ ಪತ್ನಿಗೆ ಪತ್ರವನ್ನು ಬರೆಯಬೇಕಾಗಿದೆ. ಇಂಗ್ಲಿಷನ್ನು ಮುಂದಿಟ್ಟುಕೊಂಡ ಕರಡು ಹೀಗಿರುವುದು: ‘ನಿಮ್ಮ ನಷ್ಟಕ್ಕಾಗಿ ನಾವು ವಿಷಾದಿಸುತ್ತೇವೆ. ನಮ್ಮ ಆಲೋಚನೆಗಳು ನಿಮ್ಮೊಂದಿಗಿವೆ. ಅವರು ಶಾಂತಿಯಲ್ಲಿ ವಿಶ್ರಮಿಸಲಿ.’ ನಷ್ಟವೆಂಬುದು ಕನ್ನಡದಲ್ಲಿ ಮುಖ್ಯವಾಗಿ ವ್ಯಾಪಾರದ ಮಾತು. ಗಂಡನನ್ನು ಕಳೆದುಕೊಂಡವಳಿಗೆ ಅದು ಲೆಕ್ಕದ ಪುಸ್ತಕದಂತೆ ಕೇಳಿಸುವುದು. ಆಲೋಚನೆಗಳು ಒಬ್ಬರೊಂದಿಗೆ ಇರುವುದೂ ನಮ್ಮ ವಾಡಿಕೆಯಲ್ಲ, ಜೊತೆಗಿರುವವರು ಮನುಷ್ಯರು. ಮೂರನೆಯ ವಾಕ್ಯದಲ್ಲಿ ಹಾರೈಕೆಯ ರೂಪವೇನೋ ಸರಿಯಾಗಿದೆ, ಆದರೆ ವಿಶ್ರಾಂತಿಯು ಉಳಿದೇ ಇದೆ.

ಅದನ್ನೇ ಹೀಗೆ ಬರೆಯಬಹುದು: ‘ನಿಮ್ಮ ಯಜಮಾನರು ಅಗಲಿದ ಸುದ್ದಿಯನ್ನು ಕೇಳಿ ನಮಗೆಲ್ಲರಿಗೂ ಬಹಳ ದುಃಖವಾಗಿದೆ. ಕಚೇರಿಗೆ ಬಂದ ಹಳ್ಳಿಯವರನ್ನು ಅವರು ಒಂದು ದಿನವೂ ಬರಿಗೈಯಲ್ಲಿ ಕಳುಹಿಸಿದವರಲ್ಲ. ಅವರ ಆತ್ಮಕ್ಕೆ ಸದ್ಗತಿ ದೊರೆಯಲಿ. ಮಕ್ಕಳ ಮುಖ ನೋಡಿ ಎದೆ ಗಟ್ಟಿ ಮಾಡಿಕೊಳ್ಳಿ. ನಿಮಗೆ ಬರಬೇಕಾದ ಹಣದ ಕಾಗದಪತ್ರಗಳನ್ನು ನಾವೇ ನೋಡಿಕೊಳ್ಳುತ್ತೇವೆ.’ ಎರಡನೆಯ ವಾಕ್ಯವು ಹೋದವರ ಗುಣವನ್ನು ಹೇಳುವುದು. ಸಾವಿನ ಮನೆಯಲ್ಲಿ ಹಿರಿಯರು ಮೊದಲು ತೆಗೆಯುವ ಮಾತು ಅದೇ. ಅದು ಆ ಮನುಷ್ಯನಿಗೇ ಸಲ್ಲುವ ನಿಜವಾಗಿರಬೇಕು. ಸುಳ್ಳನ್ನು ಮನೆಯವರು ಕೂಡಲೇ ಕಂಡುಹಿಡಿಯುವರು. ಕೊನೆಯ ಮಾತನ್ನು ನಡೆಸುವ ಉದ್ದೇಶವಿಲ್ಲದಿದ್ದರೆ ಬರೆಯಬಾರದು.

ಒಂದು ಎಚ್ಚರಿಕೆಯೂ ಅವಶ್ಯ. ಸ್ವಂತದ ಮಾತೆಂದು ಕಂಡಲ್ಲೆಲ್ಲ ಬಳಸಬಾರದು. ‘ಲಿಂಗೈಕ್ಯ’ವನ್ನು ವೈಷ್ಣವರಿಗೂ, ‘ವೈಕುಂಠವಾಸಿ’ಯನ್ನು ಶೈವರಿಗೂ ಬರೆದರೆ ಭಾಷಾಂತರಕ್ಕಿಂತ ಹೆಚ್ಚು ನೋವಾಗುವುದು. ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂಬುದು ಬಳಕೆಯಿಂದ ಸವೆದು ನಮ್ಮದೇ ಆಗಿದೆ, ಅದನ್ನು ತಳ್ಳಬೇಕಾದುದಿಲ್ಲ. ಮನೆಯವರ ಮತವು ತಿಳಿಯದಿದ್ದಲ್ಲಿ ‘ಅಗಲಿದರು’ ಎಂದು ಹೇಳಿ, ಉಳಿದವರಿಗೆ ಧೈರ್ಯವನ್ನು ಕೋರಿ ನಿಲ್ಲಿಸಬಹುದು. ಬರೆದುದನ್ನು ಮನೆಯ ಹಿರಿಯರೊಬ್ಬರ ಮುಂದೆ ಗಟ್ಟಿಯಾಗಿ ಓದಿ ನೋಡಲಿ. ಅರ್ಥವೇನೆಂದು ಅವರು ಕೇಳಿದರೆ, ಆ ಪತ್ರವನ್ನು ಅಂಚೆಗೆ ಹಾಕುವುದು ಬೇಡ.